72ರ ಸೂತ್ರ: ದುಡ್ಡು ಡಬಲ್ ಆಗೋಕೆ ಎಷ್ಟು ವರ್ಷ, ಮತ್ತು ಈ ಲೆಕ್ಕ ಎಲ್ಲಿ ತಪ್ಪುತ್ತೆ

ಬಡ್ಡಿ ದರದಿಂದ 72ನ್ನು ಭಾಗಿಸಿ, ಬಂದಷ್ಟು ವರ್ಷಕ್ಕೆ ದುಡ್ಡು ಎರಡರಷ್ಟು. 6% ಆದರೆ 12 ವರ್ಷ, 8% ಆದರೆ 9, 12% ಆದರೆ 6. ಇಷ್ಟು ಎಲ್ಲರಿಗೂ ಗೊತ್ತು. ಬ್ಯಾಂಕಿನ ಕೌಂಟರ್‌ನಲ್ಲಿ, ಮ್ಯೂಚುವಲ್ ಫಂಡ್ ಏಜೆಂಟರ ಬಾಯಲ್ಲಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಕಡೆ ಇದೇ ಓಡಾಡುತ್ತೆ. ಸೂತ್ರ ಹಳೆಯದು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತದ ಪುಸ್ತಕದಲ್ಲೇ ಇದು ಇದೆ.

ಆದರೆ ಇದು ಅಂದಾಜು. ಕೆಲವು ಕಡೆ ಎರಡು ದಿನದಷ್ಟೂ ತಪ್ಪಲ್ಲ, ಕೆಲವು ಕಡೆ ಲಕ್ಷಗಟ್ಟಲೆ ತಪ್ಪುತ್ತೆ. "ದರ ಜಾಸ್ತಿಯಾದರೆ ಸೂತ್ರ ಕೆಡುತ್ತೆ" ಅಂತ ಸಾಮಾನ್ಯವಾಗಿ ಹೇಳ್ತಾರೆ. ಅದು ಅರ್ಧ ನಿಜ ಅಷ್ಟೇ. ವರ್ಷಕ್ಕೆ 42% ಬಡ್ಡಿ ಇದ್ದರೂ ಸೂತ್ರ ಚೆನ್ನಾಗಿ ಕೆಲಸ ಮಾಡೋ ಸಂದರ್ಭ ಇದೆ, ಬರೀ 7% ಇದ್ದಾಗಲೂ ಮೂರೂವರೆ ತಿಂಗಳು ತಪ್ಪೋ ಸಂದರ್ಭವೂ ಇದೆ. ನಿಜವಾಗಿ ನೋಡಬೇಕಾದ್ದು ಬೇರೆ: ಬಡ್ಡಿಯನ್ನು ಅಸಲಿಗೆ ಎಷ್ಟು ದಿನಕ್ಕೊಮ್ಮೆ ಸೇರಿಸ್ತಾರೆ, ಮತ್ತು ಆ ಒಂದು ಅವಧಿಯಲ್ಲಿ, ಅಂದರೆ ಒಂದು ಕಂತಿನಲ್ಲಿ, ಎಷ್ಟು ಶೇಕಡಾ ಸೇರುತ್ತೆ. ಅದನ್ನೇ ಹಿಡಿದು ಒಂದೊಂದೇ ಹೆಜ್ಜೆ ಹೋಗೋಣ.

ಹೆಜ್ಜೆ 1: ಬಡ್ಡಿಗೆ ಬಡ್ಡಿ ಇದೆಯಾ, ಮೊದಲು ಅದನ್ನು ಕೇಳಿ

72ರ ಸೂತ್ರ ಇರೋದು ಚಕ್ರಬಡ್ಡಿಗೆ. ಸರಳ ಬಡ್ಡಿಗೆ ಅಲ್ಲ. ಸರಳ ಬಡ್ಡಿ ಆದರೆ 72ರ ಜಾಗದಲ್ಲಿ 100 ಹಾಕಿ. 8% ಸರಳ ಬಡ್ಡಿಯಲ್ಲಿ ದುಡ್ಡು ಡಬಲ್ ಆಗೋಕೆ 100 ಭಾಗ 8, ಅಂದರೆ ಹನ್ನೆರಡೂವರೆ ವರ್ಷ. 9 ಅಲ್ಲ. ಇಲ್ಲಿ ಅಂದಾಜೂ ಇಲ್ಲ, ಇದೇ ಸರಿಯಾದ ಉತ್ತರ.

ಬಹಳ ಜನ ಎಡವೋದು ತಿಂಗಳು ತಿಂಗಳು ಬಡ್ಡಿ ಕೈಗೆ ಬರೋ ಎಫ್‌ಡಿಯಲ್ಲಿ. ಬಡ್ಡಿ ಪ್ರತಿ ತಿಂಗಳು ಉಳಿತಾಯ ಖಾತೆಗೆ ಬಂದು, ಅಲ್ಲಿಂದ ಕರೆಂಟ್ ಬಿಲ್ಲಿಗೋ ಔಷಧಿಗೋ ಖರ್ಚಾಗಿ ಹೋದರೆ ಎಫ್‌ಡಿ ಯಾವತ್ತೂ ಡಬಲ್ ಆಗಲ್ಲ. ಹಾಕಿದ ಅಸಲು ಹಾಗೇ ವಾಪಸ್ ಬರುತ್ತೆ. ಕೈಗೆ ಬಂದ ಬಡ್ಡಿಯನ್ನೂ ಸೇರಿಸಿ ಎಣಿಸಿದರೆ 100ರ ಲೆಕ್ಕ ಬರುತ್ತೆ, ಅಷ್ಟೇ.

ಎಸ್‌ಐಪಿಗೂ ಈ ಸೂತ್ರ ಹೊಂದಲ್ಲ. ತಿಂಗಳು ತಿಂಗಳು ಕಟ್ಟೋ ದುಡ್ಡಿನಲ್ಲಿ ಮೊದಲ ಕಂತಿಗೆ ಸಿಕ್ಕ ಕಾಲ ಕೊನೇ ಕಂತಿಗೆ ಸಿಕ್ಕಿರಲ್ಲ. ಒಂದೇ ಸಲ ಇಟ್ಟು ಮುಟ್ಟದೆ ಬಿಟ್ಟ ದುಡ್ಡಿಗೆ ಮಾತ್ರ ಈ ಲೆಕ್ಕ.

ಹೆಜ್ಜೆ 2: 72ರಿಂದ ಒಂದು ಅಂದಾಜು ತೆಗೆಯಿರಿ, ಪಕ್ಕದಲ್ಲಿ ನಿಖರ ಉತ್ತರ ಇಡಿ

ನಿಖರ ಉತ್ತರಕ್ಕೆ ಲಾಗರಿದಮ್ ಬೇಕು. ಹೆದರಬೇಡಿ, ಫೋನ್ ಕ್ಯಾಲ್ಕ್ಯುಲೇಟರ್‌ನ ಸೈಂಟಿಫಿಕ್ ಮೋಡ್‌ನಲ್ಲಿ ln ಅನ್ನೋ ಬಟನ್ ಇರುತ್ತೆ. ಬಹಳಷ್ಟು ಫೋನ್‌ಗಳಲ್ಲಿ ಅಡ್ಡ ತಿರುಗಿಸಿದರೆ ಕಾಣುತ್ತೆ. ಸ್ಪ್ರೆಡ್‌ಶೀಟ್ ಇದ್ದರೆ ಇನ್ನೂ ಸುಲಭ. ವರ್ಷಕ್ಕೊಮ್ಮೆ ಬಡ್ಡಿ ಸೇರೋ 8%ಗೆ ಹೀಗೆ ಟೈಪ್ ಮಾಡಿ:

```
=LN(2)/LN(1+8%)
```

9.006 ಅಂತ ಬರುತ್ತೆ. 72ರ ಸೂತ್ರ 9 ಅಂತ ಹೇಳಿತ್ತು. ವ್ಯತ್ಯಾಸ ಸುಮಾರು ಎರಡು ದಿನ. ಇದಕ್ಕಿಂತ ಚೆನ್ನಾಗಿ ಯಾವ ಬಾಯಿಲೆಕ್ಕ ಬರುತ್ತೆ ಹೇಳಿ!

ಬೇರೆ ಬೇರೆ ದರಕ್ಕೆ ಇದೇ ಲೆಕ್ಕ ಮಾಡಿದರೆ ಚಿತ್ರ ಹೀಗೆ ಬರುತ್ತೆ. ಎಲ್ಲದರಲ್ಲೂ ಬಡ್ಡಿ ಸೇರೋದು ವರ್ಷಕ್ಕೆ ಒಂದೇ ಸಲ.

| ವಾರ್ಷಿಕ ದರ | 72ರ ಸೂತ್ರ (ವರ್ಷ) | ನಿಖರ (ವರ್ಷ) |
|---|---|---|
| 2% | 36 | 35.00 |
| 4% | 18 | 17.67 |
| 6% | 12 | 11.90 |
| 8% | 9 | 9.01 |
| 12% | 6 | 6.12 |
| 18% | 4 | 4.19 |
| 24% | 3 | 3.22 |
| 36% | 2 | 2.25 |

ಮೇಲಿಂದ ಕೆಳಗೆ ಕಣ್ಣಾಡಿಸಿ. 8%ಗಿಂತ ಮೇಲಿನ ಸಾಲುಗಳಲ್ಲಿ, ಅಂದರೆ ಕಡಿಮೆ ದರದಲ್ಲಿ, ಸೂತ್ರ ಜಾಸ್ತಿ ವರ್ಷ ಹೇಳುತ್ತೆ. ದುಡ್ಡು ಅದಕ್ಕಿಂತ ಮುಂಚೆಯೇ ಡಬಲ್ ಆಗಿರುತ್ತೆ. 8% ದಾಟಿದ ಮೇಲೆ ಉಲ್ಟಾ. ಸೂತ್ರ ಆಸೆ ತೋರಿಸುತ್ತೆ, ದುಡ್ಡು ಲೇಟಾಗಿ ಬರುತ್ತೆ. ಎರಡೂ ಸರಿಯಾಗಿ ಕೂಡೋ ಜಾಗ 7.85%ರ ಹತ್ತಿರ.

ಇನ್ನೊಂದು ವಿಷಯ ಗಮನಿಸಿ. 2%ನಲ್ಲಿ ಸೂತ್ರ ಪೂರ್ತಿ ಒಂದು ವರ್ಷ ತಪ್ಪುತ್ತೆ, 36%ನಲ್ಲಿ ಮೂರು ತಿಂಗಳು ಮಾತ್ರ. ಹಾಗಾದರೆ 2%ನಲ್ಲೇ ಹೆಚ್ಚು ತಪ್ಪು ಅಂತೀರಾ? ಇಲ್ಲ. 35 ವರ್ಷದಲ್ಲಿ ಒಂದು ವರ್ಷ ಅಂದರೆ ನೂರಕ್ಕೆ ಮೂರು. ಎರಡೂಕಾಲು ವರ್ಷದಲ್ಲಿ ಮೂರು ತಿಂಗಳು ಅಂದರೆ ನೂರಕ್ಕೆ ಹನ್ನೊಂದು. ಎರಡನೆಯದೇ ದೊಡ್ಡ ತಪ್ಪು.

ಸೂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ನೋಡೋಕೆ ಪೋಸ್ಟ್ ಆಫೀಸಿನ ಕಿಸಾನ್ ವಿಕಾಸ್ ಪತ್ರ ಒಳ್ಳೇ ಉದಾಹರಣೆ. ದುಡ್ಡು ಡಬಲ್ ಮಾಡಿ ಕೊಡೋದೇ ಆ ಯೋಜನೆಯ ಕೆಲಸ. 2023ರ ಏಪ್ರಿಲ್‌ನಲ್ಲಿ ಅದರ ದರ 7.5% ಆಯ್ತು, ವರ್ಷಕ್ಕೊಮ್ಮೆ ಚಕ್ರಬಡ್ಡಿ, ಅವಧಿ 115 ತಿಂಗಳು. 72 ಭಾಗ 7.5 ಅಂದರೆ 9.6 ವರ್ಷ, ತಿಂಗಳಲ್ಲಿ 115.2. ಲಾಗರಿದಮ್ ಹಾಕಿದರೆ 115.01. ಸರ್ಕಾರ ಅಚ್ಚು ಹಾಕಿದ ತಿಂಗಳನ್ನು ನೀವು ಕ್ಯೂನಲ್ಲಿ ನಿಂತೇ ಹೇಳಬಹುದು. 7.5 ಅನ್ನೋದು 7.85ರ ಪಕ್ಕದ ಮನೆ ತಾನೇ.

ಹೆಜ್ಜೆ 3: ಕಂತು ಯಾವುದು ಅಂತ ಪತ್ತೆ ಮಾಡಿ

ಇಲ್ಲೇ ಅಸಲಿ ವಿಷಯ ಇರೋದು. ಸ್ವಲ್ಪ ನಿಧಾನವಾಗಿ ನೋಡೋಣ.

ಬಡ್ಡಿ ಅಸಲಿಗೆ ಸೇರಿದ ಮೇಲೆ ಮಾತ್ರ ಅದು ಮರಿ ಹಾಕುತ್ತೆ. ವರ್ಷಕ್ಕೊಮ್ಮೆ ಸೇರಿಸೋದಾದರೆ ಜನವರಿಯಲ್ಲಿ ಹುಟ್ಟಿದ ಬಡ್ಡಿ ಡಿಸೆಂಬರ್‌ವರೆಗೆ ಸುಮ್ನೆ ಕೂತಿರುತ್ತೆ. 2% ಬಡ್ಡಿ ಹಾಗೆ ಕೂತರೆ ನಷ್ಟ ಹೆಚ್ಚಿಲ್ಲ, 36% ಬಡ್ಡಿ ಕೂತರೆ ನಷ್ಟ ಜಾಸ್ತಿ. ಆ ಕಾಯುವಿಕೆಯಿಂದಲೇ ಡಬಲ್ ಆಗೋದು ತಡವಾಗುತ್ತೆ. ಕಾಯೋದೇ ಇಲ್ಲ, ಕ್ಷಣಕ್ಷಣಕ್ಕೂ ಬಡ್ಡಿ ಸೇರುತ್ತೆ ಅಂತ ಇಟ್ಟುಕೊಂಡರೆ ಸರಿಯಾದ ಸಂಖ್ಯೆ 72 ಅಲ್ಲ, 69.3. ಕಾರಣ ln 2 ಅಂದರೆ 0.693. ಕಂತಿನ ಬಡ್ಡಿ ದೊಡ್ಡದಾಗ್ತಾ ಹೋದ ಹಾಗೆ ಈ ಸಂಖ್ಯೆ 69.3ರಿಂದ ಮೇಲಕ್ಕೆ ಏರುತ್ತೆ. ಎಷ್ಟು ಏರುತ್ತೆ ಅನ್ನೋದಕ್ಕೆ ಒಂದು ಸುಲಭ ನಿಯಮ ಇದೆ:

```
ಸರಿಯಾದ ಸಂಖ್ಯೆ = 69.3 + (ಒಂದು ಕಂತಿನ ಬಡ್ಡಿ ಶೇಕಡಾ ÷ 3)
```

ವರ್ಷಕ್ಕೊಮ್ಮೆ 8% ಸೇರೋದಾದರೆ ಕಂತಿನ ಬಡ್ಡಿ 8. ಅದರ ಮೂರನೇ ಒಂದು ಭಾಗ 2.7. 69.3ಕ್ಕೆ ಸೇರಿಸಿದರೆ 72. ಅಂದರೆ 72 ಅನ್ನೋದು ವರ್ಷಕ್ಕೊಮ್ಮೆ 8% ಹತ್ತಿರ ಬಡ್ಡಿ ಸೇರೋ ದುಡ್ಡಿಗೆ ಸರಿಹೊಂದೋ ಸಂಖ್ಯೆ. ಜೊತೆಗೆ 2, 3, 4, 6, 8, 9, 12 ಎಲ್ಲದರಿಂದಲೂ ಶೇಷ ಇಲ್ಲದೆ ಭಾಗವಾಗುತ್ತೆ. ಅದಕ್ಕೇ ಅದು ಹೆಸರು ಮಾಡಿತು. 69.3ನ್ನು ಯಾರು ಮನಸ್ಸಿನಲ್ಲಿ ಭಾಗ ಮಾಡ್ತಾರೆ?

ಈಗ ನಮ್ಮ ಎಫ್‌ಡಿ ನೋಡಿ. ಬಡ್ಡಿಯನ್ನು ಕೈಗೆ ಕೊಡದೆ ಅಸಲಿಗೆ ಸೇರಿಸೋ ಎಫ್‌ಡಿಯಲ್ಲಿ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕ್ತವೆ. 7% ಎಫ್‌ಡಿ ಅಂದರೆ ಕಂತಿಗೆ 1.75%. ಅದರ ಮೂರನೇ ಒಂದು ಭಾಗ 0.6. ಸಂಖ್ಯೆ 69.9 ಆಯ್ತು. 8% ಎಫ್‌ಡಿಗೆ ಕಂತು 2%, ಸಂಖ್ಯೆ 70. 6%ಗೆ 69.8. ಎಲ್ಲ 70ರ ಸುತ್ತಲೇ ಇವೆ. ಹಾಗಾಗಿ ಎಫ್‌ಡಿಗೆ 72 ಬೇಡ, 70 ಇಟ್ಟುಕೊಳ್ಳಿ. ಭಾಗಿಸೋಕೂ ಸುಲಭ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಒಂದು ರಸೀದಿ ತಗೊಂಡು ನೋಡೋಣ. ಜಯನಗರದಲ್ಲಿರೋ ನಮ್ಮ ಚಿಕ್ಕಮ್ಮ ರಿಟೈರ್ ಆದ ಮೇಲೆ ಒಂದು ಲಕ್ಷವನ್ನು ಹತ್ತು ವರ್ಷಕ್ಕೆ 7%ಗೆ ಇಟ್ಟರು. ಅವರೂ ಲೆಕ್ಕದಲ್ಲಿ ಗಟ್ಟಿ. 72 ಭಾಗ 7, ಹತ್ತು ವರ್ಷ ಮೂರೂವರೆ ತಿಂಗಳು, ಹತ್ತು ವರ್ಷಕ್ಕೆ ಡಬಲ್‌ಗೆ ಸ್ವಲ್ಪ ಕಡಿಮೆ ಬರುತ್ತೆ ಅಂತ ಅಂದುಕೊಂಡಿದ್ದರು. ರಸೀದಿ ಬಂತು. ಮೆಚ್ಯೂರಿಟಿ ಮೊತ್ತದ ಜಾಗದಲ್ಲಿ 2,00,160 ಅಂತ ಇತ್ತು.

"ಏನೋ ಇದು, ಬ್ಯಾಂಕಿನವ್ರು ಜಾಸ್ತಿ ಬರೆದುಬಿಟ್ಟಿದ್ದಾರಲ್ಲೋ?" ಅಂದರು.

"ಸರಿಯಾಗೇ ಇದೆ ಚಿಕ್ಕಮ್ಮ, ಅವರು ಮೂರು ತಿಂಗಳಿಗೊಂದ್ಸಲ ಬಡ್ಡಿ ಸೇರಿಸ್ತಾರೆ" ಅಂದೆ.

"ಹಾಗಾದ್ರೆ 72 ಯಾಕೆ ಅಂತಾರೆ ಎಲ್ರೂ?"

ಹತ್ತು ವರ್ಷದಲ್ಲಿ ನಲವತ್ತು ಕಂತು. 1.0175ನ್ನು ನಲವತ್ತು ಸಲ ಗುಣಿಸಿದರೆ 2.0016. ವರ್ಷಕ್ಕೊಮ್ಮೆ ಮಾತ್ರ ಸೇರಿಸಿದ್ದರೆ ಅದೇ ಹತ್ತು ವರ್ಷಕ್ಕೆ 1,96,715 ಬರ್ತಿತ್ತು. 72ರ ಸೂತ್ರಕ್ಕೆ ಗೊತ್ತಿರೋದು ಈ ಎರಡನೇ ಲೆಕ್ಕ. 3,445 ರೂಪಾಯಿ ವ್ಯತ್ಯಾಸ ಪೂರ್ತಿ ಕಂತಿನ ಆಟ. 70ನ್ನು 7ರಿಂದ ಭಾಗಿಸಿ ನೋಡಿ, ಸರಿಯಾಗಿ ಹತ್ತು.

ನಿಖರವಾಗಿ ಬೇಕಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಇದಕ್ಕೇ ಅಂತ ಒಂದು ಫಂಕ್ಷನ್ ಇದೆ. ಮೊದಲ ಜಾಗದಲ್ಲಿ ಕಂತಿನ ದರ, ಆಮೇಲೆ ಎಷ್ಟರಿಂದ ಎಷ್ಟಕ್ಕೆ ಹೋಗಬೇಕು ಅನ್ನೋದು. ಉತ್ತರ ಕಂತಿನ ಲೆಕ್ಕದಲ್ಲಿ ಬರೋದರಿಂದ ಕೊನೆಗೆ 4ರಿಂದ ಭಾಗಿಸಿದೆ.

```
=PDURATION(7%/4,1,2)/4
```

9.99 ವರ್ಷ ಅಂತ ತೋರಿಸುತ್ತೆ.

ಒಂದು ಮಾತು ನೆನಪಿರಲಿ. ಎಫ್‌ಡಿ ಬಡ್ಡಿಗೆ ತೆರಿಗೆ ಇದೆ. 30% ಸ್ಲ್ಯಾಬ್‌ನಲ್ಲಿ ಇರೋರು ಸೆಸ್ ಸೇರಿ 31.2% ಕಟ್ಟಿದ ಮೇಲೆ ಈ 7% ಕೈಗೆ ಸಿಗೋದು ಐದಕ್ಕಿಂತ ಸ್ವಲ್ಪ ಕಡಿಮೆ. ಆಗ ಡಬಲ್ ಆಗೋಕೆ ಹದಿನಾಲ್ಕು ವರ್ಷ ದಾಟುತ್ತೆ. 70 ಸರಿಯಾ 72 ಸರಿಯಾ ಅಂತ ಜಗಳ ಆಡೋಕಿಂತ ಮುಂಚೆ ಯಾವ ದರದಿಂದ ಭಾಗಿಸಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಅದರ ಮುಂದೆ ಸೂತ್ರದ ತಪ್ಪು ಏನೇನೂ ಅಲ್ಲ.

ಹೆಜ್ಜೆ 4: ಸಾಲದ ಕಡೆ ತಿಂಗಳ ಲೆಕ್ಕ ಹಾಕಿ

ಕಂತಿನ ವಿಷಯ ಅರ್ಥವಾದರೆ ದೊಡ್ಡ ದರದ ಸಾಲಗಳ ಲೆಕ್ಕವೂ ಸಲೀಸು. ನಮ್ಮ ಕಡೆ ಕೈಸಾಲದ ಭಾಷೆಯೇ ತಿಂಗಳದ್ದು. "ಮೂರು ರೂಪಾಯಿ ಬಡ್ಡಿ" ಅಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ವರ್ಷಕ್ಕೆ 36%. ಹೀಗೆ ಒಂದು ಲಕ್ಷ ತಗೊಂಡು ಏನೂ ಕಟ್ಟದೆ ಬಿಟ್ಟರೆ ಎರಡು ಲಕ್ಷ ಯಾವಾಗ ಆಗುತ್ತೆ? ಮೂರು ಉತ್ತರ ಇದೆ. ಯಾವುದು ಸರಿ ಅನ್ನೋದು ಸಾಲ ಕೊಟ್ಟವರು ಬಡ್ಡಿಯನ್ನು ಹೇಗೆ ಸೇರಿಸ್ತಾರೆ ಅನ್ನೋದರ ಮೇಲೆ ನಿಂತಿದೆ.

ಬಡ್ಡಿಗೆ ಬಡ್ಡಿ ಇಲ್ಲ ಅಂದರೆ 100 ಭಾಗ 3, ಅಂದರೆ 33 ತಿಂಗಳು ಹತ್ತು ದಿನ.

ಪ್ರತಿ ತಿಂಗಳೂ ಬಾಕಿ ಬಡ್ಡಿ ಅಸಲಿಗೆ ಸೇರುತ್ತೆ ಅಂದರೆ ಕಂತಿನ ಬಡ್ಡಿ 3. 72ರ ಸೂತ್ರ 24 ತಿಂಗಳು ಅನ್ನುತ್ತೆ. ನಿಖರ ಉತ್ತರ 23.45 ತಿಂಗಳು. ಅರ್ಧ ತಿಂಗಳ ವ್ಯತ್ಯಾಸ. ನಮ್ಮ ತಿದ್ದಿದ ಸಂಖ್ಯೆ 70.3 ಹಾಕಿದರೆ 23.4, ಅದೂ ಸರಿಹೋಯ್ತು.

ವರ್ಷಕ್ಕೊಮ್ಮೆ ಕೂತು ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ತಾರೆ ಅಂದರೆ ಮೊದಲ ವರ್ಷದ ಕೊನೆಗೆ 1,36,000, ಎರಡನೇ ವರ್ಷದ ಕೊನೆಗೆ 1,84,960. 72ರ ಸೂತ್ರದ ಪ್ರಕಾರ ಎರಡು ವರ್ಷಕ್ಕೆ ಎರಡು ಲಕ್ಷ ಆಗಿರಬೇಕಿತ್ತು. 15,040 ಕಡಿಮೆ ಇದೆ. ಡಬಲ್ ಆಗೋದು 27ನೇ ತಿಂಗಳಿನ ಹೊತ್ತಿಗೆ.

ನೋಡಿ, ದರ ಮೂರಕ್ಕೂ ಒಂದೇ, 36%. ತಿಂಗಳ ಕಂತಿನಲ್ಲಿ ಸೂತ್ರ ಹೆಚ್ಚುಕಡಿಮೆ ಸರಿ, ವರ್ಷದ ಕಂತಿನಲ್ಲಿ ಮೂರು ತಿಂಗಳು ತಪ್ಪು, ಸರಳ ಬಡ್ಡಿಯಲ್ಲಿ ಒಂಬತ್ತು ತಿಂಗಳಿಗೂ ಹೆಚ್ಚು ತಪ್ಪು. ದರದ ಮೇಲೆ ಹೊರಿಸಿದ ಆರೋಪ ನಿಜವಾಗಿ ಕಂತಿನದ್ದು ಅಂದಿದ್ದು ಇದಕ್ಕೇ.

ಕ್ರೆಡಿಟ್ ಕಾರ್ಡಿನ ಬಾಕಿಯೂ ಹೀಗೇ. ತಿಂಗಳಿಗೆ 3.5% ಅಂತ ಇದ್ದರೆ ವರ್ಷಕ್ಕೆ 42% ಅಂತ ಕಾರ್ಡಿನ ನಿಯಮಗಳಲ್ಲಿ ಬರೆದಿರುತ್ತೆ. 42 ದೊಡ್ಡ ಸಂಖ್ಯೆ, ಸೂತ್ರ ಇಲ್ಲಿ ನಡೆಯಲ್ಲ ಅನ್ನಿಸುತ್ತೆ ಅಲ್ವಾ? ಆದರೆ ಕಂತು ತಿಂಗಳದ್ದು, ಅದು ಬರೀ 3.5. 72 ಭಾಗ 3.5 ಅಂದರೆ ಇಪ್ಪತ್ತೂವರೆ ತಿಂಗಳು, ನಿಖರ ಲೆಕ್ಕದಲ್ಲಿ 20.15. ಆದರೆ ಕಾರ್ಡಿನ ಬಡ್ಡಿ ಮೇಲೆ 18% ಜಿಎಸ್‌ಟಿ ಇದೆ, ಅದನ್ನು ಬಹಳ ಜನ ಮರೀತಾರೆ. 3.5ರ ಮೇಲೆ 18% ಸೇರಿಸಿದರೆ 4.13. ಆಗ 17-18 ತಿಂಗಳಿಗೇ ಬಾಕಿ ಡಬಲ್. ತಡವಾಗಿ ಕಟ್ಟಿದ್ದಕ್ಕೆ ಹಾಕೋ ದಂಡ ಇದರಲ್ಲಿ ಸೇರಿಲ್ಲ.

ಹೆಜ್ಜೆ 5: ಉಲ್ಟಾ ಕೇಳುವಾಗ ಹುಷಾರು

"ಇಷ್ಟು ವರ್ಷದಲ್ಲಿ ಡಬಲ್ ಮಾಡಿ ಕೊಡ್ತೀವಿ" ಅಂತ ಯಾರಾದರೂ ಬಂದರೆ ನಾವು ಉಲ್ಟಾ ಭಾಗಿಸ್ತೀವಿ. ವರ್ಷದಿಂದ 72ನ್ನು ಭಾಗಿಸಿ ದರ ತೆಗೆಯೋದು. ದೊಡ್ಡ ಅವಧಿಗೆ ಇದು ಪರವಾಗಿಲ್ಲ. 9 ವರ್ಷದಲ್ಲಿ ಡಬಲ್ ಅಂದರೆ 8%, ಸರಿ. ಅವಧಿ ಚಿಕ್ಕದಾದಷ್ಟೂ ಸೂತ್ರ ಹೇಳೋ ದರ ನಿಜವಾದ ದರಕ್ಕಿಂತ ಕೆಳಗೆ ಜಾರುತ್ತೆ.

5 ವರ್ಷದಲ್ಲಿ ಡಬಲ್ ಅಂದರೆ ಸೂತ್ರದ ಪ್ರಕಾರ 14.4%, ನಿಜವಾಗಿ 14.9%. 3 ವರ್ಷ ಅಂದರೆ 24% ಅಲ್ಲ, 26%. 2 ವರ್ಷ ಅಂದರೆ 36% ಅಲ್ಲ, 41.4%. 1 ವರ್ಷ ಅಂದರೆ 72% ಅಂತ ಸೂತ್ರ ಹೇಳುತ್ತೆ. ಒಂದು ವರ್ಷದಲ್ಲಿ ನೂರು ಇನ್ನೂರಾದರೆ ಅದು 100% ಅಂತ ಹೇಳೋಕೆ ಯಾವ ಸೂತ್ರವೂ ಬೇಡ. ಇಲ್ಲಿ 72 ಪೂರ್ತಿ ಕೈ ಕೊಟ್ಟಿದೆ.

ಇದರಲ್ಲಿ ಅಪಾಯ ಇರೋದು ತಪ್ಪು ಯಾವ ಕಡೆಗೆ ಅನ್ನೋದರಲ್ಲಿ. ಆಸೆ ತೋರಿಸೋ ಸ್ಕೀಮಿನ ದರವನ್ನು ಸೂತ್ರ ಕಡಿಮೆ ಮಾಡಿ ತೋರಿಸುತ್ತೆ. 41% ಅಂತ ಕೇಳಿದರೆ ಅನುಮಾನ ಪಡೋರು 36% ಅಂತ ಕೇಳಿದಾಗ "ರಿಸ್ಕ್ ಇದೆ, ಇರಲಿ" ಅನ್ನಬಹುದು. ಹಾಗಾಗಿ 5 ವರ್ಷಕ್ಕಿಂತ ಕಡಿಮೆ ಅವಧಿಗೆ ಬಾಯಿಲೆಕ್ಕ ಬೇಡ. 2 ವರ್ಷಕ್ಕೆ ಹೀಗೆ ಹಾಕಿ, ಬೇರೆ ಅವಧಿ ಆದರೆ ಆವರಣದೊಳಗಿನ 2 ಬದಲಾಯಿಸಿ:

```
=2^(1/2)-1
```

0.414 ಬರುತ್ತೆ, 100ರಿಂದ ಗುಣಿಸಿಕೊಳ್ಳಿ.

ಕಿಸಾನ್ ವಿಕಾಸ್ ಪತ್ರ 1988ರಲ್ಲಿ ಶುರುವಾದಾಗ ಐದೂವರೆ ವರ್ಷಕ್ಕೇ ದುಡ್ಡು ಡಬಲ್ ಕೊಡ್ತಿತ್ತು. ಆಗಿನ ದರ ಎಷ್ಟಿತ್ತು ಅಂತ ಸೂತ್ರದಲ್ಲಿ ಕೇಳಿದರೆ 13.1% ಅನ್ನುತ್ತೆ, ನಿಖರವಾಗಿ 13.4%. ಮನೆಯಲ್ಲಿ ಹಿರಿಯರು "ನಮ್ಮ ಕಾಲದಲ್ಲಿ ಐದೂವರೆ ವರ್ಷಕ್ಕೆ ಡಬಲ್" ಅಂದರೆ ಅದು ಬಡಾಯಿ ಅಲ್ಲ, ನಿಜ.

ಹೆಜ್ಜೆ 6: ಡಬಲ್ ಮೇಲೆ ಡಬಲ್ ಎಣಿಸಬೇಡಿ

ಒಂದು ಸಲ ಡಬಲ್ ಆಗೋದರಲ್ಲಿ ಒಂದೂವರೆ ತಿಂಗಳ ತಪ್ಪು ಯಾರಿಗೂ ನೋವಾಗಲ್ಲ. ಆದರೆ ರಿಟೈರ್‌ಮೆಂಟ್ ಲೆಕ್ಕದಲ್ಲಿ ಜನ ಸೂತ್ರವನ್ನು ಸರಪಳಿ ಮಾಡ್ತಾರೆ. "12% ಅಂದರೆ 6 ವರ್ಷಕ್ಕೆ ಡಬಲ್, 24 ವರ್ಷದಲ್ಲಿ ನಾಲ್ಕು ಡಬಲ್, ಒಂದು ಲಕ್ಷ ಹದಿನಾರು ಲಕ್ಷ." ಕೇಳೋಕೆ ಚೆನ್ನಾಗಿದೆ. ನಿಜವಾಗಿ 12%ನಲ್ಲಿ 24 ವರ್ಷಕ್ಕೆ ಬರೋದು 15.18 ಲಕ್ಷ. ಪ್ರತಿ ಡಬಲ್‌ನಲ್ಲೂ ಉಳಿದ ಚೂರು ಸೇರಿ ಸೇರಿ 82 ಸಾವಿರ ಆಯ್ತು.

ದರ ಏರಿಸಿದರೆ ಬಿರುಕು ದೊಡ್ಡದಾಗುತ್ತೆ. 15%ಗೆ ಸೂತ್ರದಲ್ಲಿ 4.8 ವರ್ಷ, 24 ವರ್ಷದಲ್ಲಿ ಐದು ಡಬಲ್, 32 ಲಕ್ಷ. ನಿಜ ಉತ್ತರ 28.6 ಲಕ್ಷ. 18%ಗೆ ನಾಲ್ಕು ವರ್ಷಕ್ಕೊಂದು ಡಬಲ್, 24 ವರ್ಷಕ್ಕೆ ಆರು, 64 ಲಕ್ಷ. ನಿಜ ಉತ್ತರ 53.1 ಲಕ್ಷ. ಹನ್ನೊಂದು ಲಕ್ಷ ಗಾಳಿಯಲ್ಲಿ ಹೋಯ್ತು, ಅದೂ ಹಾಕಿದ್ದು ಒಂದೇ ಲಕ್ಷ. 6%ನಲ್ಲಿ ಉಲ್ಟಾ ಆದರೂ ವ್ಯತ್ಯಾಸ ಸಣ್ಣದು. ಸೂತ್ರ 4 ಲಕ್ಷ ಅನ್ನುತ್ತೆ, ನಿಜ 4.05 ಲಕ್ಷ.

ಷೇರು ಮಾರುಕಟ್ಟೆಯ ದುಡ್ಡಿಗೆ 24 ವರ್ಷ ಒಂದೇ ದರ ಇರಲ್ಲ ಅನ್ನೋದು ಬೇರೆ ಮಾತು. ದರ ಗೊತ್ತಿದೆ ಅಂತಲೇ ಇಟ್ಟುಕೊಂಡರೂ ಇಷ್ಟು ತಪ್ಪು ಬರುತ್ತೆ. ಎರಡಕ್ಕಿಂತ ಜಾಸ್ತಿ ಡಬಲ್ ಇದ್ದರೆ ನೇರವಾಗಿ ಗುಣಿಸಿ, ಫೋನಿನಲ್ಲೇ ಆಗುತ್ತೆ:

```
=100000*(1+12%)^24
```

ಹೆಜ್ಜೆ 7: ಮೆಟ್ಟಿಲು ಮೆಟ್ಟಿಲಾಗಿ ಏರೋ ಲೆಕ್ಕಕ್ಕೆ ಪೂರ್ತಿ ಮೆಟ್ಟಿಲು ಎಣಿಸಿ

ಕಂತು ಅಂದರೆ ತಿಂಗಳು, ಮೂರು ತಿಂಗಳು, ವರ್ಷ ಅಂತಲೇ ಇರಬೇಕಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಗೆ ಇರೋರಿಗೆ ಹನ್ನೊಂದು ತಿಂಗಳೂ ಒಂದು ಕಂತೇ. ಅಗ್ರಿಮೆಂಟ್ ಮುಗಿದಾಗಲೆಲ್ಲ ಇಷ್ಟು ಪರ್ಸೆಂಟ್ ಏರಿಕೆ ಅಂತ ಅದರಲ್ಲೇ ಬರೆದಿರುತ್ತೆ. ಬಾಡಿಗೆ ಡಬಲ್ ಆಗೋದು ಯಾವಾಗ?

5% ಏರಿಕೆ ಅಂತ ಇದ್ದರೆ 72 ಭಾಗ 5, ಅಂದರೆ 14.4 ಕಂತು. ಒಂದೊಂದು ಕಂತು ಹನ್ನೊಂದು ತಿಂಗಳು, ಒಟ್ಟು 158 ತಿಂಗಳು, ಹದಿಮೂರು ವರ್ಷ ಚಿಲ್ಲರೆ. "5% ಅಂದರೆ ಹದಿನಾಲ್ಕೂವರೆ ವರ್ಷ" ಅಂತ ವರ್ಷದ ಲೆಕ್ಕ ಹಾಕಿದರೆ ಒಂದು ವರ್ಷಕ್ಕೂ ಹೆಚ್ಚು ತಪ್ಪಾಗುತ್ತೆ. ಅದು 72ರ ತಪ್ಪಲ್ಲ, ಕಂತು ತಪ್ಪಾಗಿ ಎಣಿಸಿದ್ದು.

ಇನ್ನೊಂದು ತೊಡಕು ಇದೆ. ಎಫ್‌ಡಿಯನ್ನು ಮಧ್ಯದಲ್ಲಿ ಮುರಿದರೆ ದರ ಸ್ವಲ್ಪ ಕಡಿಮೆಯಾದರೂ ಆ ದಿನದವರೆಗಿನ ಬಡ್ಡಿ ಕೊಡ್ತಾರೆ. ಬಾಡಿಗೆ ಹಾಗಲ್ಲ, ಹನ್ನೊಂದು ತಿಂಗಳು ಒಂದೇ ಕಡೆ ನಿಂತು ಆಮೇಲೆ ಒಂದೇ ಸಲ ಹಾರುತ್ತೆ. 14.4ನೇ ಕಂತು ಅನ್ನೋದೇ ಇಲ್ಲ, 14ನೆಯದು ಇದೆ, 15ನೆಯದು ಇದೆ. ಲಾಗರಿದಮ್ ಕೊಡೋ 14.2 ಕೂಡ ಇಲ್ಲಿ ಉಪಯೋಗಕ್ಕೆ ಬರಲ್ಲ. ನಿಖರ ಸೂತ್ರವೂ ತಪ್ಪೋ ಜಾಗ ಇದು. ಉತ್ತರ ಏನೇ ಬಂದರೂ ಮುಂದಿನ ಪೂರ್ಣ ಸಂಖ್ಯೆಗೆ ಏರಿಸಿ.

10% ಏರಿಕೆಯ ಮನೆ ತಗೊಳ್ಳಿ, ಈಗಿನ ಬಾಡಿಗೆ 20,000. 72 ಭಾಗ 10 ಅಂದರೆ 7.2 ಕಂತು, 79 ತಿಂಗಳು. ನಿಖರ ಸೂತ್ರ 7.27 ಕಂತು, 80 ತಿಂಗಳು ಅನ್ನುತ್ತೆ. ಆದರೆ ಏಳನೇ ಸಲ ಅಗ್ರಿಮೆಂಟ್ ಬದಲಾಯಿಸಿದಾಗ, ಅಂದರೆ 77 ತಿಂಗಳಿಗೆ, ಬಾಡಿಗೆ 38,974ಕ್ಕೆ ಬಂದು ನಿಲ್ಲುತ್ತೆ. ಮುಂದಿನ ಹನ್ನೊಂದು ತಿಂಗಳು ಅಲ್ಲೇ. 79ನೇ ತಿಂಗಳಿನಲ್ಲೂ 38,974, 80ನೇ ತಿಂಗಳಿನಲ್ಲೂ 38,974. 88 ತಿಂಗಳು ಮುಗಿದು ಎಂಟನೇ ಸಲ ಅಗ್ರಿಮೆಂಟ್ ಬದಲಾದಾಗ ನಲವತ್ತು ಸಾವಿರವನ್ನು ಮುಟ್ಟದೆ ನೇರ 42,872ಕ್ಕೆ ಹಾರುತ್ತೆ. ಓನರ್ ಅದನ್ನು 43,000 ಅಂತ ರೌಂಡ್ ಮಾಡಿದರೆ ಅದು ಯಾವ ಸೂತ್ರಕ್ಕೂ ಸಿಗಲ್ಲ.